ಮೆರೊಪೆನೆಮ್ ಬೇಕೇ? ಮೂರು ವಯಲ್ ತಗೊಳ್ಳಿ, ನಾಲ್ಕು ಸಾಲು ಬರೆಯಿರಿ

ಮುಂದಿನ ಸೋಮವಾರದಿಂದ ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿ ಎಂಟು ಆಂಟಿಬಯೋಟಿಕ್‌ಗಳು ಬರೀ ಚೀಟಿ ತೋರಿಸಿದರೆ ಸಿಗುವುದಿಲ್ಲ. ಈ ಸುದ್ದಿ ವಾರ್ಡಿನಿಂದ ವಾರ್ಡಿಗೆ ಹೋಗುವಷ್ಟರಲ್ಲಿ "ಇನ್ನು ಮೆರೊಪೆನೆಮ್ ಬೇಕಾದರೆ ಮೈಕ್ರೋಬಯಾಲಜಿಯವರ ಕಾಲು ಹಿಡಿಯಬೇಕಂತೆ" ಅಂತ ಆಗಿದೆ. ಹಾಗೇನಿಲ್ಲ ಮಾರಾಯ್ರೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಎಂಟನ್ನೂ ಒಂದೇ ಬುಟ್ಟಿಗೆ ಹಾಕಿಲ್ಲ. ಮೆರೊಪೆನೆಮ್, ಇಮಿಪೆನೆಮ್, ಟೈಕೊಪ್ಲಾನಿನ್ ಈ ಮೂರನ್ನು ನೀವು ಮೊದಲು ಶುರು ಮಾಡಬಹುದು, ಒಪ್ಪಿಗೆ ಆಮೇಲೆ. ಕೊಲಿಸ್ಟಿನ್, ಪಾಲಿಮಿಕ್ಸಿನ್ ಬಿ, ಟೈಗೆಸೈಕ್ಲಿನ್, ಲಿನೆಜೊಲಿಡ್, ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಈ ಐದಕ್ಕೆ ಮೊದಲು ಫೋನು, ಆಮೇಲೆ ಔಷಧ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಮೊದಲಿನ ಮೂರು ‘ವಾಚ್’ ಗುಂಪಿನಲ್ಲಿವೆ, ಕೊನೆಯ ಐದು ‘ರಿಸರ್ವ್’ ಗುಂಪಿನಲ್ಲಿ. ನಮ್ಮ ಗೆರೆ ಅಲ್ಲಿಂದಲೇ ಬಂದದ್ದು.

ಜಾಸ್ತಿ ಗಲಾಟೆ ಇರುವುದು ಮೆರೊಪೆನೆಮ್ ಬಗ್ಗೆ, ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ರಾತ್ರಿ ಎರಡು ಗಂಟೆಗೆ ಬಿ.ಪಿ. ಬಿದ್ದ ರೋಗಿ ಕ್ಯಾಜುವಲ್ಟಿಗೆ ಬಂದರೆ ಯಾರನ್ನೂ ಕೇಳಬೇಡಿ. ಎರಡು ಸೆಟ್ ಬ್ಲಡ್ ಕಲ್ಚರ್ ತೆಗೆಯಿರಿ, ಮೆರೊಪೆನೆಮ್ ಒಂದು ಗ್ರಾಂ ಕೊಡಿ. ಫಾರ್ಮಸಿ ಮೂರು ವಯಲ್ ಕೊಡುತ್ತದೆ, ಅಂದರೆ ಎಂಟು ಗಂಟೆಗೊಂದರಂತೆ ಒಂದು ದಿನಕ್ಕೆ ಸಾಕಾಗುವಷ್ಟು. ನಾಲ್ಕನೇ ವಯಲ್‌ಗೆ ಮಾತ್ರ ಫಾರ್ಮ್ ಬೇಕು. ಶಾಕ್‌ನಲ್ಲಿರುವ ರೋಗಿಗೆ ಒಪ್ಪಿಗೆಗೆ ಕಾದು ಮೊದಲ ಡೋಸ್ ತಡವಾಯಿತು ಅಂತಾದರೆ ಅದು ಈ ನಿಯಮದ ಸೋಲು, ದಯವಿಟ್ಟು ನನಗೇ ಹೇಳಿ.

ಫಾರ್ಮ್ ಒಂದೇ ಪುಟ. ಅದರಲ್ಲಿ ನಾಲ್ಕು ಪ್ರಶ್ನೆ. ಸೋಂಕು ಎಲ್ಲಿದೆ ಅಂತ ನಿಮ್ಮ ಅಂದಾಜು? ಯಾವ ಕಲ್ಚರ್ ಯಾವಾಗ ಕಳಿಸಿದ್ದೀರಿ? ಇದಕ್ಕಿಂತ ಕೆಳಗಿನ ಔಷಧ ಯಾಕೆ ಸಾಲದು? ಯಾವ ದಿನ ಮತ್ತೆ ನೋಡಿ ನಿಲ್ಲಿಸುವ ಅಥವಾ ಬದಲಿಸುವ ತೀರ್ಮಾನ ಮಾಡುತ್ತೀರಿ? ಮೊದಲ ಪ್ರಶ್ನೆಗೆ "ಸೆಪ್ಸಿಸ್" ಅಂತ ಒಂದೇ ಪದ ಬರೆದು ಕಳಿಸಿದರೆ ವಾಪಸ್ ಬರುತ್ತದೆ, ಯಾಕೆಂದರೆ ಸೆಪ್ಸಿಸ್ ಜಾಗದ ಹೆಸರಲ್ಲ. "ಪಿತ್ತನಾಳದ ಸೋಂಕು ಇರಬಹುದು, ಸ್ಕ್ಯಾನ್ ನಾಳೆ" ಅಂದರೆ ಸಾಕು. ತಪ್ಪಾದರೂ ಪರವಾಗಿಲ್ಲ, ಅಂದಾಜು ತಾನೇ. ಮೂರನೇ ಪ್ರಶ್ನೆಗೆ "ರೋಗಿ ಸೀರಿಯಸ್" ಅಂತ ಬರೆಯುವವರು ತುಂಬ ಜನ. ನಮಗೆ ಬೇಕಾದದ್ದು ಬೇರೆ: ಕಳೆದ ಮೂರು ತಿಂಗಳಲ್ಲಿ ಆಸ್ಪತ್ರೆಯಲ್ಲಿದ್ದರೇ, ಹೊರಗಡೆ ಯಾವ ಇಂಜೆಕ್ಷನ್ ಎಷ್ಟು ದಿನ ಆಗಿದೆ, ಹಳೆಯ ಕಲ್ಚರ್‌ನಲ್ಲಿ ಇ.ಎಸ್.ಬಿ.ಎಲ್. ಬಂದಿತ್ತೇ.

ಫಾರ್ಮ್ ಬಂದ ಮೇಲೆ ನಾವು ಆವತ್ತೇ ಉತ್ತರ ಕೊಡುತ್ತೇವೆ. ಒಪ್ಪಿಗೆ 72 ಗಂಟೆಗೆ ಮಾತ್ರ. ಅಷ್ಟೊತ್ತಿಗೆ ಕಲ್ಚರ್ ವರದಿ ಬಂದಿರುತ್ತದೆ, ಇಲ್ಲಾ ಎರಡು ದಿನ ಏನೂ ಬೆಳೆದಿಲ್ಲ ಅಂತಾದರೂ ಗೊತ್ತಾಗಿರುತ್ತದೆ. ಆಗ ಮುಂದುವರಿಸುವುದೋ, ಇಳಿಸುವುದೋ, ನಿಲ್ಲಿಸುವುದೋ ಅಂತ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಬೇಕು. ಫಾರ್ಮ್ ತುಂಬಿಸುವುದಕ್ಕಿಂತ ಈ ಒಂದು ಸಾಲು ಬರೆಸುವುದೇ ಕಷ್ಟ ಅಂತ ನನ್ನ ಅನುಭವ. ಶುರು ಮಾಡಿದವರು ಡ್ಯೂಟಿ ಡಾಕ್ಟರ್, ಮೂರನೇ ದಿನ ರೌಂಡ್ಸಿಗೆ ಬರುವವರು ಬೇರೆ, "ಯಾರೋ ಯೋಚನೆ ಮಾಡಿಯೇ ಹಾಕಿರಬೇಕು" ಅಂತ ಸುಮ್ನೆ ಮುಂದುವರಿಯುತ್ತದೆ.

ಇನ್ನು ಒಂದು ಕೇಸು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕಾರ್ಕಳ ಕಡೆಯ ಗದ್ದೆ ಕೆಲಸದವರು, ಐವತ್ತು ದಾಟಿದೆ, ಶುಗರ್ ಇದೆ, ಮಾತ್ರೆ ಬಿಟ್ಟು ವರ್ಷವಾಗಿದೆ. ಜುಲೈ ತಿಂಗಳು, ನಾಟಿ ಮುಗಿದ ಸಮಯ. ಹತ್ತು ದಿನದ ಜ್ವರ, ಹೊರಗಡೆ ಐದು ದಿನ ಸೆಫ್ಟ್ರಿಯಾಕ್ಸೋನ್ ಆಗಿ ಇಳಿದಿಲ್ಲ. ಬರುವಾಗ ಬಿ.ಪಿ. 80, ನಾರ್‌ಅಡ್ರಿನಲಿನ್ ಹಾಕಬೇಕಾಯಿತು. ಸ್ಕ್ಯಾನ್‌ನಲ್ಲಿ ಗುಲ್ಮದಲ್ಲಿ ಮೂರು ನಾಲ್ಕು ಸಣ್ಣ ಕೀವುಗುಳ್ಳೆ, ಲಿವರ್‌ನಲ್ಲಿ ಒಂದು. ಡ್ಯೂಟಿ ಡಾಕ್ಟರ್ ಕಲ್ಚರ್ ತೆಗೆದು ಮೆರೊಪೆನೆಮ್ ಶುರು ಮಾಡಿದರು. ಮಾರನೇ ದಿನದ ಫಾರ್ಮ್‌ನಲ್ಲಿ ಬರೆದದ್ದು ಇಷ್ಟೇ: "ಲಿವರ್, ಗುಲ್ಮದ ಕೀವು. ಡಯಾಬಿಟಿಸ್, ಮಳೆಗಾಲ, ಗದ್ದೆ ಕೆಲಸ, ಮೆಲಿಯಾಯ್ಡೋಸಿಸ್ ಅನುಮಾನ. ಸೆಫ್ಟ್ರಿಯಾಕ್ಸೋನ್ ಆಗಿದೆ. ಕಲ್ಚರ್ ಬಂದ ದಿನ ನೋಡುತ್ತೇವೆ." ಓದಿದ ಕೂಡಲೇ ಒಪ್ಪಿಗೆ.

ಎರಡನೇ ದಿನ ಬಾಟಲಿ ಪಾಸಿಟಿವ್. ಗ್ರಾಮ್ ನೆಗೆಟಿವ್ ಬ್ಯಾಸಿಲೈ, ಆಕ್ಸಿಡೇಸ್ ಪಾಸಿಟಿವ್. ಇಂಥದ್ದನ್ನು "ಸೂಡೊಮೊನಾಸ್ ಜಾತಿ" ಅಂತ ವರದಿ ಮಾಡಿ ಮುಗಿಸುವ ಲ್ಯಾಬುಗಳು ಇವೆ, ಮೆಷಿನ್ ಕೂಡ ಕೆಲವೊಮ್ಮೆ "ಬರ್ಕೋಲ್ಡೇರಿಯಾ ಸೆಪೇಶಿಯಾ" ಅಂತ ತಪ್ಪು ಹೆಸರು ಹೇಳುತ್ತದೆ. ಅನುಮಾನ ಬರಬೇಕಾದದ್ದು ಈ ಜೋಡಿ ನೋಡಿ: ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗುವುದಿಲ್ಲ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತದೆ. ಸೂಡೊಮೊನಾಸ್ ಏರುಜಿನೋಸ ಸಾಮಾನ್ಯವಾಗಿ ಇದಕ್ಕೆ ಪೂರಾ ಉಲ್ಟಾ. ಫಾರ್ಮ್‌ನಲ್ಲಿ "ಮೆಲಿಯಾಯ್ಡೋಸಿಸ್ ಅನುಮಾನ" ಅಂತ ಇದ್ದದ್ದರಿಂದ ಲ್ಯಾಬ್‌ನವರು ಮೊದಲಿಂದಲೇ ಪ್ಲೇಟನ್ನು ಕ್ಯಾಬಿನೆಟ್ ಒಳಗೆ ಇಟ್ಟು ಕೆಲಸ ಮಾಡಿದರು. ತೆರೆದ ಬೆಂಚಿನಲ್ಲಿ ಆಡುವ ಬ್ಯಾಕ್ಟೀರಿಯಾ ಅಲ್ಲ ಅದು. ಬರ್ಕೋಲ್ಡೇರಿಯಾ ಸೂಡೊಮಲ್ಲೈ ಅಂತ ಖಚಿತವಾಯಿತು.

ನಾಲ್ಕನೇ ದಿನ ಯೂನಿಟ್‌ನಿಂದ ಫೋನು. ಜ್ವರ ಇನ್ನೂ 102 ಇದೆ, ಕೊಲಿಸ್ಟಿನ್ ಸೇರಿಸಬೇಕು ಅಂತ. ನಾವು ಬೇಡ ಅಂದೆವು. ಕಾರಣ ಎರಡು. ಈ ಬ್ಯಾಕ್ಟೀರಿಯಾಕ್ಕೆ ಕೊಲಿಸ್ಟಿನ್ ಹುಟ್ಟಿನಿಂದಲೇ ನಾಟುವುದಿಲ್ಲ, ಹಾಕಿದರೆ ಪೆಟ್ಟು ಬೀಳುವುದು ರೋಗಿಯ ಕಿಡ್ನಿಗೆ ಮಾತ್ರ. ಎರಡನೆಯದು, ಮೆಲಿಯಾಯ್ಡೋಸಿಸ್‌ನಲ್ಲಿ ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು ಒಂಬತ್ತು ದಿನ ಹಿಡಿಯುವುದು ಸಾಮಾನ್ಯ, ಒಳಗೆ ಕೀವು ಇದ್ದರೆ ಇನ್ನೂ ಜಾಸ್ತಿ. ಜ್ವರ ಒಂದೇ ನೋಡಿದರೆ ಔಷಧ ಸೋತಿದೆ ಅಂತ ಅನಿಸುತ್ತದೆ. ನೋಡಬೇಕಾದದ್ದು ಬೇರೆ: ನಾರ್‌ಅಡ್ರಿನಲಿನ್ ಕಮ್ಮಿಯಾಗುತ್ತಿದೆಯಾ, ಲ್ಯಾಕ್ಟೇಟ್ ಇಳಿದಿದೆಯಾ, ಹೊಸ ಕೀವುಗುಳ್ಳೆ ಬಂದಿದೆಯಾ, ವಾರದ ಮೇಲೆ ತೆಗೆದ ಕಲ್ಚರ್ ಇನ್ನೂ ಪಾಸಿಟಿವಾ. ಇವರದ್ದರಲ್ಲಿ ಲಿವರ್‌ನ ಕೀವು ಸೂಜಿ ಹಾಕಿ ತೆಗೆಯುವಷ್ಟು ದೊಡ್ಡದಿತ್ತು, ತೆಗೆಸಿದೆವು. ಗುಲ್ಮದ್ದು ಸಣ್ಣದು, ಬಿಟ್ಟೆವು.

ಹನ್ನೊಂದನೇ ದಿನ ಜ್ವರ ನಿಂತಿತು. ಅದಕ್ಕೂ ಮೊದಲೇ, ನಾರ್‌ಅಡ್ರಿನಲಿನ್ ಬಿಟ್ಟು ಎರಡು ದಿನ ಬಿ.ಪಿ. ನಿಂತ ಮೇಲೆ, ಮೆರೊಪೆನೆಮ್ ನಿಲ್ಲಿಸಿ ಸೆಫ್ಟಾಜಿಡಿಮ್ ಎರಡೆರಡು ಗ್ರಾಂಗೆ ಬಂದಿದ್ದೆವು. ಅದಕ್ಕೆ ಒಪ್ಪಿಗೆಯೂ ಬೇಡ, ಫಾರ್ಮ್ ಕೂಡ ಬೇಡ. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ವರದಿಯಲ್ಲಿ ಸೆನ್ಸಿಟಿವ್ ಕಾಣಿಸಿದರೂ ಇಲ್ಲಿ ಅದಕ್ಕೆ ಹೋಗಬೇಡಿ, ಸೆಫ್ಟ್ರಿಯಾಕ್ಸೋನ್ ಅಂತೂ ಬೇಡವೇ ಬೇಡ. ಒಳಗೆ ಕೀವು ಇದ್ದದ್ದರಿಂದ ಇಂಜೆಕ್ಷನ್ ಒಟ್ಟು ನಾಲ್ಕು ವಾರ. ಕೀವು ಇಲ್ಲದ ಸಾದಾ ಕೇಸಾದರೂ ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ ಬೇಕು. ಆಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಮೂರು ತಿಂಗಳು. 40ರಿಂದ 60 ಕೆ.ಜಿ. ತೂಕದವರಿಗೆ 240/1200 ಮಿ.ಗ್ರಾಂ ದಿನಕ್ಕೆರಡು ಬಾರಿ, ನಡುನಡುವೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ನೋಡುತ್ತಾ. ಮಾತ್ರೆ ಅರ್ಧಕ್ಕೆ ಬಿಟ್ಟವರು ಮುಂದಿನ ಮಳೆಗೆ ಮತ್ತೆ ಬರುತ್ತಾರೆ.

ಈ ಕೇಸು ಯಾಕೆ ಇಷ್ಟು ಎಳೆದೆ ಅಂದರೆ, ನಿಯಮ ಅಂದರೆ ಔಷಧ ತಡೆಯುವುದು ಅಂತ ಅಂದುಕೊಂಡವರಿಗೆ. ಇಲ್ಲಿ ಮೆರೊಪೆನೆಮ್ ಬೇಕಿತ್ತು, ಸಿಕ್ಕಿತು. ಬೇಡದ್ದು ಕೊಲಿಸ್ಟಿನ್.

ಈಗ ವಾಪಸ್ ಹೋಗುವ ಫಾರ್ಮ್‌ಗಳ ಬಗ್ಗೆ. ತುಂಬ ಸಲ ಬರುವುದು ಯೂರಿನ್ ಕಲ್ಚರ್. ಸ್ಟ್ರೋಕ್ ಆದ ಅಜ್ಜಿ, ಕ್ಯಾಥಿಟರ್ ಹಾಕಿ ಎರಡು ವಾರ, ಜ್ವರ ಇಲ್ಲ, ಯಾರೋ ಸುಮ್ನೆ ಯೂರಿನ್ ಕಳಿಸಿದ್ದಾರೆ, ಇ.ಎಸ್.ಬಿ.ಎಲ್. ಇ. ಕೋಲಿ ಒಂದು ಲಕ್ಷದ ಮೇಲೆ ಬಂದಿದೆ, ವರದಿಯಲ್ಲಿ ಮೆರೊಪೆನೆಮ್ ಎದುರು ಸೆನ್ಸಿಟಿವ್ ಅಂತ ಕಂಡ ಕೂಡಲೇ ಬರೆದುಬಿಟ್ಟಿದ್ದಾರೆ. ಅಜ್ಜಿಗೆ ಏನಾದರೂ ತೊಂದರೆ ಇದೆಯಾ ಅಂತ ಕೇಳಿದರೆ ಇಲ್ಲ. ಹಾಗಾದರೆ ಚಿಕಿತ್ಸೆ ಯಾತಕ್ಕೆ? ಕ್ಯಾಥಿಟರ್ ಇನ್ನೂ ಬೇಕಾ ಅಂತ ನೋಡಿ, ಬೇಡವಾದರೆ ತೆಗೆಯಿರಿ. ಗರ್ಭಿಣಿಯರು ಮತ್ತು ಮೂತ್ರನಾಳದ ಆಪರೇಷನ್‌ಗೆ ಹೋಗುವವರು ಬೇರೆ ಲೆಕ್ಕ. ಉರಿಮೂತ್ರ ಮಾತ್ರ ಇದ್ದರೆ ನೈಟ್ರೊಫ್ಯುರಾಂಟೊಯಿನ್ ಅಥವಾ ಫಾಸ್ಫೊಮೈಸಿನ್ ಸಾಕು.

ಇನ್ನೊಂದು, ಮಳೆಗಾಲದ ಜ್ವರ. ಪ್ಲೇಟ್‌ಲೆಟ್ ಕಮ್ಮಿ, ಲಿವರ್ ಟೆಸ್ಟ್ ಏರಿದೆ, ಉಸಿರಾಟ ಜಾಸ್ತಿ, ಹೆದರಿ ಮೆರೊಪೆನೆಮ್ ಹಾಕಿದ್ದಾರೆ, ಡಾಕ್ಸಿಸೈಕ್ಲಿನ್ ಹಾಕಿಲ್ಲ. ಸ್ಕ್ರಬ್ ಟೈಫಸ್ ಜೀವಕೋಶದ ಒಳಗೆ ಕೂತಿರುತ್ತದೆ, ಮೆರೊಪೆನೆಮ್ ಅದಕ್ಕೆ ಏನೂ ಮಾಡುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ ಕಪ್ಪು ಚಕ್ಕೆ ಇದೆಯಾ ಅಂತ ಬಟ್ಟೆ ಸರಿಸಿ ನೋಡಿ. ಇಲಿಜ್ವರಕ್ಕೂ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಸಾಕು. ಇಂಥ ಫಾರ್ಮ್ ಬಂದರೆ ನಾವು ಬರೀ "ಇಲ್ಲ" ಅನ್ನುವುದಿಲ್ಲ, ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸೇರಿಸಿ ಅಂತಲೂ ಹೇಳುತ್ತೇವೆ.

ಲಿನೆಜೊಲಿಡ್ ಬಗ್ಗೆ ಒಂದೇ ಮಾತು. ಅದು ಕ್ಷಯದ ಮೇಲೂ ಕೆಲಸ ಮಾಡುತ್ತದೆ. ಮೂರು ವಾರದ ಕೆಮ್ಮು ಇರುವವರಿಗೆ ಕಫ ಪರೀಕ್ಷೆ ಮಾಡದೆ ಹಾಕಿದರೆ ಸ್ವಲ್ಪ ಗುಣವಾದ ಹಾಗೆ ಕಂಡು, ಖಾಯಿಲೆ ಹೆಸರು ಸಿಗುವುದೇ ತಡವಾಗುತ್ತದೆ. ಆದ್ದರಿಂದ ಫೋನಿನಲ್ಲಿ ಮೊದಲು ಕೇಳುವುದೇ ಸಿಬಿನಾಟ್ ಕಳಿಸಿದ್ದೀರಾ ಅಂತ.

ಫಿಟ್ಸ್‌ಗೆ ವಾಲ್‌ಪ್ರೋಯೇಟ್ ತಗೊಳ್ಳುತ್ತಿರುವವರಿಗೆ ಮೆರೊಪೆನೆಮ್ ಶುರು ಮಾಡಿದರೆ ಒಂದೆರಡು ದಿನದಲ್ಲೇ ವಾಲ್‌ಪ್ರೋಯೇಟ್ ಮಟ್ಟ ಕುಸಿಯುತ್ತದೆ. ಡೋಸ್ ಏರಿಸಿದರೂ ಸರಿಹೋಗುವುದಿಲ್ಲ, ಫಿಟ್ಸ್‌ಗೆ ಬೇರೆ ಔಷಧ ಸೇರಿಸಬೇಕು. ಫಾರ್ಮ್‌ನಲ್ಲಿ ಇದಕ್ಕೊಂದು ಚೌಕ ಇಟ್ಟಿದ್ದೇವೆ, ಟಿಕ್ ಮಾಡದೆ ಬಿಡಬೇಡಿ.

ನಾವು ಬೇಡ ಅಂದದ್ದು ನಿಮಗೆ ಒಪ್ಪಿಗೆಯಾಗದಿದ್ದರೆ? ಸಿಸ್ಟರ್ ಕೈಯಲ್ಲಿ ಹೇಳಿ ಕಳಿಸಬೇಡಿ, ಫಾರ್ಮಸಿಯ ಹುಡುಗನ ಹತ್ತಿರ ಜಗಳವೂ ಬೇಡ, ಪಾಪ ಅವನದ್ದೇನು ತಪ್ಪು. ಕನ್ಸಲ್ಟೆಂಟ್ ನೇರ ಫೋನ್ ಮಾಡಲಿ, ಇಬ್ಬರೂ ಹಾಸಿಗೆ ಹತ್ತಿರ ಹೋಗಿ ನೋಡೋಣ. ಆಮೇಲೂ ಭಿನ್ನಾಭಿಪ್ರಾಯ ಇದ್ದರೆ ಕಾರಣವನ್ನು ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕಿದ ಕನ್ಸಲ್ಟೆಂಟ್ ಮಾತೇ ನಡೆಯುತ್ತದೆ. ನಾವು ಅದನ್ನು ತಿಂಗಳ ಮೀಟಿಂಗಿನಲ್ಲಿ ಚರ್ಚೆಗೆ ಇಡುತ್ತೇವೆ, ಅಷ್ಟೆ.

ಫಾರ್ಮ್ ಪ್ಯಾಡ್ ಪ್ರತಿ ನರ್ಸಿಂಗ್ ಸ್ಟೇಷನ್‌ನಲ್ಲಿ ಇರುತ್ತದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಲ್ಯಾಬ್ ಇಂಟರ್‌ಕಾಮ್‌ಗೆ ಮಾಡಿ, ಆಮೇಲೆ ಐ.ಸಿ.ಯು. ರಿಜಿಸ್ಟ್ರಾರ್‌ಗೆ. ಅವರು ಫೋನಿನಲ್ಲಿ ಹೂಂ ಅಂದರೆ ಅದೂ ಒಪ್ಪಿಗೆಯೇ, ಹೆಸರು ಮತ್ತು ಸಮಯ ಚಾರ್ಟಿನಲ್ಲಿ ಬರೆದಿಡಿ. ಭಾನುವಾರವೂ ಇದೇ ವ್ಯವಸ್ಥೆ. ಶನಿವಾರ ಸಂಜೆ ಶುರುವಾದ ಮೆರೊಪೆನೆಮ್ ಸೋಮವಾರದವರೆಗೆ ಕೇಳುವವರಿಲ್ಲದೆ ಓಡುವುದನ್ನು ತಪ್ಪಿಸಲಿಕ್ಕೇ ಹೀಗೆ ಮಾಡಿದ್ದು.