ಕಾರ್ನಾಡರು ಕಾಮದ್ ಆದ ಕರಾರು

ಮುಂಬಯಿಯ ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರೊಬ್ಬರು ಒಂದು ಪಿಡಿಎಫ್ ಕಳಿಸಿದರು. ಹೋಟೆಲಿನ ಜಾಗ ಬಾಡಿಗೆಗೆ ಪಡೆದ ಲೀವ್ ಆಂಡ್ ಲೈಸೆನ್ಸ್ ಕರಾರು, ಹದಿನಾಲ್ಕು ಪುಟ. ಮೂಲ ಪ್ರತಿ ಜಾಗದ ಮಾಲೀಕರ ಹತ್ತಿರ. ಇವರ ಕೈಲಿದ್ದದ್ದು ಜೆರಾಕ್ಸಿನ ಜೆರಾಕ್ಸು, ಅದೂ ಮುಂಬಯಿ ಮಳೆಗೆ ಒಮ್ಮೆ ನೆಂದದ್ದು. "ಮೇಡಂ, ರಿನ್ಯೂ ಮಾಡ್ಬೇಕು. ಏನೇನಿದೆ ಅಂತ ಒಂದೇ ಪುಟದಲ್ಲಿ ಬರೆದುಕೊಡಿ" ಅಂದರು.

ವಕೀಲರಿಗೆ ಕಾಗದಪತ್ರಗಳ ಸಾರಾಂಶ ಬರೆಯುವುದೇ ನನ್ನ ಕೆಲಸ. ಸ್ಕ್ಯಾನ್ ಆದ ಚಿತ್ರದಿಂದ ಅಕ್ಷರ ಎತ್ತಿಕೊಡುವ ಓಸಿಆರ್ ತಂತ್ರಾಂಶವನ್ನು ನಾನೂ ಬಳಸುತ್ತೇನೆ. ಅದು ಗೀಚಿದ ಹಾಗೆ ಏನೋ ಕೊಟ್ಟರೆ ಭಯವಿಲ್ಲ, ತಪ್ಪು ಕಣ್ಣಿಗೆ ಬೀಳುತ್ತದೆ. ನೆಟ್ಟಗೆ ಓದಿಸಿಕೊಂಡು ಹೋಗುವ ತಪ್ಪೇ ಕಷ್ಟ. ಸಾರಾಂಶಕ್ಕೆ ಇಳಿದ ಮೇಲಂತೂ ಅದರ ಪಕ್ಕದಲ್ಲಿದ್ದ ಮಸಿ, ಕಲೆ ಯಾವುದೂ ಉಳಿಯುವುದಿಲ್ಲ. ಹಾಗಾಗಿ ನನ್ನ ಪರದೆಯ ಒಂದು ಬದಿಗೆ ಯಾವಾಗಲೂ ಮೂಲ ಚಿತ್ರ ಇರುತ್ತದೆ.

ಮೊದಲು ದುಡ್ಡಿನ ಲೆಕ್ಕ ನೋಡಿದೆ. ತಿಂಗಳ ಬಾಡಿಗೆ 1,36,000 ಎಂದು ಓಸಿಆರ್ ಹೇಳಿತು. ಚಿತ್ರ ದೊಡ್ಡದು ಮಾಡಿದರೆ ಆ ಎರಡನೇ ಅಂಕಿಯ ಎಡಭಾಗ ಸವೆದುಹೋಗಿತ್ತು. 3 ಇರಬಹುದು, 8 ಕೂಡ ಇರಬಹುದು. ಅಂಕಿಯ ಕಥೆಯೇ ಹೀಗೆ. ಒಂದು ಗೆರೆ ಹೋದರೆ ಅದು ಬೇರೆ ಅಂಕಿಯೇ ಆಗಿಬಿಡುತ್ತದೆ. ಪದದಲ್ಲಿ ಒಂದು ಅಕ್ಷರ ಹೋದರೂ ಪದ ಗುರುತು ಸಿಗುತ್ತದೆ. ಅದಕ್ಕೇ ಮೊತ್ತವನ್ನು ಅಕ್ಷರದಲ್ಲಿ ಬರೆದ ಜಾಗ ಹುಡುಕಿದೆ. ಅಲ್ಲಿ `One Lakh Eiqhty Six Thousand` ಎಂದು ಬಂದಿತ್ತು. g ಹೋಗಿ q ಆಗಿದೆ, ಆದರೂ ಎಂಬತ್ತಾರು ಎನ್ನುವುದರಲ್ಲಿ ಅನುಮಾನವಿಲ್ಲ. ಮುಂದಿನ ಪುಟದಲ್ಲಿ ಠೇವಣಿ ಮೂರು ತಿಂಗಳ ಬಾಡಿಗೆಯಷ್ಟು, 5,58,000 ಎಂದಿತ್ತು. ಮೂರರಿಂದ ಭಾಗಿಸಿದರೆ 1,86,000. ಎರಡು ಕಡೆಯಿಂದಲೂ ತಾಳೆಯಾಯಿತು.

ಒಂದು ವೇಳೆ ಚಿತ್ರದಲ್ಲೇ ಅಂಕಿ ಸ್ಪಷ್ಟವಾಗಿದ್ದು, ಅದು ಅಕ್ಷರದ ಮೊತ್ತಕ್ಕೆ ಹೊಂದದಿದ್ದರೆ? ಅದು ಕರಾರಿನದೇ ತಪ್ಪು ಇರಬಹುದು. ತಿದ್ದುವ ಅಧಿಕಾರ ನನಗಿಲ್ಲ, ಎರಡನ್ನೂ ಇದ್ದ ಹಾಗೇ ಬರೆಯುತ್ತೇನೆ.

ಅಂದಹಾಗೆ, ಸ್ಪಷ್ಟವಾಗಿ ಕಂಡದ್ದೆಲ್ಲ ಸರಿ ಅಂತಲೂ ಇಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬುವವರು ಒಂದು ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ಅಳತೆಯ ಕೋಣೆಗಳಿಗೆಲ್ಲ ಒಂದೇ ಅಳತೆ ಬಂದಿತ್ತು. ಫೈಲ್ ಚಿಕ್ಕದು ಮಾಡಲು ಆ ಯಂತ್ರ ಒಂದೇ ಥರ ಕಾಣುವ ತುಣುಕುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಿತ್ತು. ಮಸುಕೇ ಇಲ್ಲ, ಅಂಕಿ ಮಾತ್ರ ತಪ್ಪು. ಅಂಥ ಕಡೆ ಕೂಡಿ ಕಳೆದು ನೋಡುವುದು ಬಿಟ್ಟರೆ ದಾರಿಯಿಲ್ಲ.

ಒಂಬತ್ತನೇ ಕಲಮು ಇನ್ನೂ ಕಿಲಾಡಿ. ಜಾಗ ಪಡೆದವರು ಅದನ್ನು ಬೇರೆಯವರಿಗೆ ಒಳಬಾಡಿಗೆಗೆ ಕೊಡಬಹುದು ಅಂತ ಓಸಿಆರ್ ಪಠ್ಯ ಹೇಳುತ್ತಿತ್ತು. ಚಿತ್ರ ನೋಡಿದರೆ `shall` ಮತ್ತು `be` ಪದಗಳ ನಡುವೆ ಒಂದು ದುಂಡು ಸೀಲು, ಅದರಡಿಯಲ್ಲಿ ಮೂರಕ್ಷರದಷ್ಟು ಜಾಗ. ಹದಿನೇಳನೇ ಕಲಮಿನಲ್ಲಿ, ಒಂಬತ್ತನೇ ಕಲಮು ಮೀರಿ ಒಳಬಾಡಿಗೆಗೆ ಕೊಟ್ಟರೆ ಕರಾರು ರದ್ದು ಎಂದಿತ್ತು. ಅಲ್ಲಿಗೆ ಸೀಲಿನಡಿ ಇದ್ದದ್ದು `not`. ಆದರೂ ಸುಮ್ನೆ "ಕೊಡುವಂತಿಲ್ಲ" ಎಂದು ಬರೆದು ಮುಗಿಸಲಿಲ್ಲ. ಹೀಗೆ ಬರೆದೆ: "ಒಳಬಾಡಿಗೆಗೆ ಕೊಡುವಂತಿಲ್ಲ (ಕಲಮು 9, ನಿಷೇಧದ ಪದ ಸೀಲಿನಡಿ ಮುಚ್ಚಿದೆ, ಕಲಮು 17ರಿಂದ ಊಹಿಸಿದ್ದು)."

ಮಾಲೀಕರ ಹೆಸರು `Kamad` ಎಂದು ಬಂದಿತ್ತು. ಮಸುಕು ಪ್ರತಿಯಲ್ಲಿ r ಮತ್ತು n ಅಂಟಿಕೊಂಡರೆ m ಆಗುತ್ತದೆ, ಹಾಗಾಗಿ `Karnad` ಇರಬಹುದೇ ಎಂಬ ಅನುಮಾನ. ನಮ್ಮ ಕಡೆಯವರಿಗೆ ಕಾರ್ನಾಡ್ ತಕ್ಷಣ ಹೊಳೆಯುತ್ತದೆ, ಆದರೆ ಹೊಳೆದದ್ದು ಸಾಕ್ಷಿಯಲ್ಲ ಅಲ್ವಾ. ವ್ಯಕ್ತಿಗಳ ಪ್ಯಾನ್ ಸಂಖ್ಯೆಯ ಐದನೇ ಅಕ್ಷರ ಮನೆಹೆಸರಿನ ಮೊದಲಕ್ಷರವಾಗಿರುತ್ತದೆ. ಅದನ್ನು ನೋಡಿದೆ. K. ಎರಡಕ್ಕೂ ಹೊಂದುತ್ತದೆ! ಮಹಾರಾಷ್ಟ್ರದಲ್ಲಿ ಇಂಥ ಕರಾರು ನೋಂದಣಿ ಆಗಲೇಬೇಕು. ಆಗ ನೋಂದಣಿಯ ವಿವರ ಇರುವ ಇಂಡೆಕ್ಸ್-2 ಎಂಬ ಮರಾಠಿ ಪ್ರತಿ ಸಿಗುತ್ತದೆ. ಹೋಟೆಲಿನವರು ಹಳೇ ಫೈಲಿನಿಂದ ಅದನ್ನು ಹುಡುಕಿ ತೆಗೆದರು. ದೇವನಾಗರಿಯಲ್ಲಿ ಈ ಗೊಂದಲಕ್ಕೆ ಎಡೆಯೇ ಇಲ್ಲ. ಕಾರ್ನಾಡ್ ಎಂದೇ ಇತ್ತು.

ಒಂದು ಮಾತ್ರ ಉಳಿಯಿತು. ಬಿಟ್ಟುಹೋಗುವ ಮೊದಲು ಎಷ್ಟು ದಿನದ ನೋಟಿಸ್ ಕೊಡಬೇಕು ಎನ್ನುವಲ್ಲಿ ಕೊನೆಯ ಸೊನ್ನೆ ಮಾತ್ರ ಕಾಣುತ್ತಿತ್ತು. ಅಕ್ಷರದಲ್ಲಿ ಬರೆದಿರಲಿಲ್ಲ, ಬೇರೆ ಕಲಮಿನಲ್ಲೂ ಅದರ ಸುದ್ದಿಯಿಲ್ಲ. "30 ಅಂತ ಹಾಕಿಬಿಡಿ ಮೇಡಂ, ಜಾಸ್ತಿ ಕಡೆ ಅಷ್ಟೇ ಇರೋದು" ಅಂದರು. ನಾನು "ಪುಟ 6: ದಿನಗಳ ಸಂಖ್ಯೆ ಓದಲಾಗಿಲ್ಲ, ಮೂಲ ಪ್ರತಿ ನೋಡಬೇಕು" ಎಂದೇ ಬರೆದೆ. ನಾಲ್ಕು ದಿನ ಬಿಟ್ಟು ಅವರು ಮಾಲೀಕರ ಪ್ರತಿಯ ಆ ಪುಟದ ಫೋಟೋ ಕಳಿಸಿದರು. 60 ಇತ್ತು.