13.76 ಲಕ್ಷದಲ್ಲಿ ಮಾರುಕಟ್ಟೆಯ ಪಾಲೆಷ್ಟು?

ಪ್ಲಾಸ್ಟಿಕ್ ಮೌಲ್ಡಿಂಗ್ ಮಾಡುವ ಒಂದು ಕಂಪನಿಯ ಲೆಕ್ಕ ನೋಡುತ್ತಿದ್ದೆ. ಅವರ ವರ್ಷದ ಬಜೆಟ್ಟಿನಲ್ಲಿ ಕಚ್ಚಾ ಮಾಲಿನ ದರ ಕಿಲೋಗೆ 100 ಎಂದು ಬರೆದಿತ್ತು, ಹನ್ನೆರಡು ತಿಂಗಳಿಗೂ ಅದೇ. ತಿಂಗಳಿಗೆ 80,000 ಪೀಸು, ಪೀಸಿಗೆ ಅರ್ಧ ಕಿಲೋ ಮಾಲು. ಅಂದರೆ 40,000 ಕಿಲೋ, 40 ಲಕ್ಷ. ಮೂರನೇ ತಿಂಗಳಲ್ಲಿ ಖರ್ಚಾಗಿದ್ದು 53.76 ಲಕ್ಷ. ಪೀಸು ಮಾತ್ರ ಅಷ್ಟೇ, 80,000. (ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಬದಲಿಸಿದ್ದೇನೆ.)

ಮೀಟಿಂಗಿನಲ್ಲಿ ಎಲ್ಲರದ್ದೂ ಒಂದೇ ಉತ್ತರ: "ಮಾರ್ಕೆಟ್ ರೇಟ್ ಏರಿದೆ ಸಾರ್, ನಾವೇನು ಮಾಡೋಕಾಗುತ್ತೆ?" ಸುಳ್ಳೇನಲ್ಲ, ರೇಟು ಏರಿತ್ತು. ಆದರೆ ಆ ಒಂದು ಮಾತಿನ ಹಿಂದೆ 13.76 ಲಕ್ಷ ಪೂರ್ತಿ ಅಡಗಿ ಕೂತಿತ್ತು.

ದರ ಓಡಾಡುವಾಗ ಸ್ಥಿರ ಬಜೆಟ್ಟಿನ ತೊಂದರೆ ಇದೇ. ಅಂದಾಜು ತಪ್ಪುವುದು ದೊಡ್ಡ ವಿಷಯವಲ್ಲ, ಅಂದಾಜು ಎಂದ ಮೇಲೆ ತಪ್ಪುತ್ತದೆ. ಅದು ತಪ್ಪಿದ ಮೇಲೆ ಯಾರ ಕೆಲಸ ಹೇಗಿದೆ ಎಂದು ಹೇಳಲು ಆಗುವುದಿಲ್ಲ, ಅದು ಕಷ್ಟ.

ಆ ತಿಂಗಳ ಲೆಕ್ಕವನ್ನು ಬಿಡಿಸಿದೆವು. ಕಚ್ಚಾ ಮಾಲಿನ ಮಾರುಕಟ್ಟೆ ದರ ಆಗ 125. ಇದನ್ನು ನಮ್ಮ ಬಿಲ್ಲುಗಳಿಂದ ತೆಗೆದುಕೊಳ್ಳಬಾರದು, ಹೊರಗೆ ಪ್ರಕಟವಾಗುವ ದರಪಟ್ಟಿಯಿಂದ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಪರ್ಚೇಸ್‌ನವರು ಕೊಟ್ಟ ದರವೇ ಅವರನ್ನು ಅಳೆಯುವ ಅಳತೆಗೋಲೂ ಆಗಿಬಿಡುತ್ತದೆ. ದರ 25 ಏರಿತು, ಬೇಕಾಗಿದ್ದ ಮಾಲು 40,000 ಕಿಲೋ. ಹಾಗಾಗಿ ನಿಜವಾಗಿ ಮಾರುಕಟ್ಟೆಯ ತಲೆಗೆ ಕಟ್ಟಬಹುದಾದದ್ದು 10 ಲಕ್ಷ.

ಉಳಿದ 3.76 ಲಕ್ಷ? ಮಾರುಕಟ್ಟೆಯಲ್ಲಿ 125 ಇದ್ದಾಗ ಪರ್ಚೇಸ್‌ನವರು ಕೊಟ್ಟಿದ್ದು 128. ರೇಟು ಇಳಿಯಬಹುದು ಎಂದು ಕಾದು ಕಾದು, ಸ್ಟಾಕ್ ಮುಗಿಯುವ ಹೊತ್ತಿಗೆ ಚಿಕ್ಕ ಚಿಕ್ಕ ಲಾಟಿನಲ್ಲಿ ಅರ್ಜೆಂಟಾಗಿ ತಂದಿದ್ದರು. ಬಳಕೆಯಾಗಿದ್ದು 42,000 ಕಿಲೋ. ಕಿಲೋಗೆ 3 ಜಾಸ್ತಿ ಎಂದರೆ 1.26 ಲಕ್ಷ. ಇನ್ನು 2,000 ಕಿಲೋ ಹೆಚ್ಚು ಬಳಕೆ, 125ರ ಲೆಕ್ಕದಲ್ಲಿ 2.5 ಲಕ್ಷ. ಹತ್ತು ಪೀಸು ತೂಕಕ್ಕೆ ಇಟ್ಟು ನೋಡಿದೆವು. 5 ಕಿಲೋ ಇರಬೇಕಾದದ್ದು 5.25 ಇತ್ತು. ಅಚ್ಚು ಸವೆದು, ಜೋಡಣೆಯ ಅಂಚಿನಲ್ಲಿ ಪ್ಲಾಸ್ಟಿಕ್ ತೆಳುವಾಗಿ ಹೊರಗೆ ಚಾಚಿಕೊಂಡಿತ್ತು. ಬೆರಳಿಗೆ ಚುಚ್ಚುವಷ್ಟು. ಶಾಪ್ ಫ್ಲೋರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ರಿಪೋರ್ಟಿನಲ್ಲಿ ಮಾತ್ರ ಇರಲಿಲ್ಲ.

ಇದೆಲ್ಲ ನಡೆದು ಹೋದ ಮೇಲಿನ ವಿಚಾರಣೆ. ರೋಲಿಂಗ್ ಬಜೆಟ್ಟಿನ ಕೆಲಸ ಮುಂದೆ ನೋಡುವುದು. ಒಂದು ತಿಂಗಳೋ ಮೂರು ತಿಂಗಳೋ ಮುಗಿದಾಗ ಅದನ್ನು ಬಿಟ್ಟು, ಕೊನೆಗೆ ಅಷ್ಟೇ ಅವಧಿ ಸೇರಿಸುತ್ತೀರಿ. ಯಾವಾಗ ನೋಡಿದರೂ ಮುಂದಿನ ಹನ್ನೆರಡು ತಿಂಗಳು ಕಣ್ಣ ಮುಂದಿರುತ್ತದೆ. ಹತ್ತಿರದ ಮೂರು ತಿಂಗಳು ವಿವರವಾಗಿ, ದೂರದ್ದು ದಪ್ಪ ಅಂದಾಜಿನಲ್ಲಿ.

ಇಲ್ಲಿ ಹೆಚ್ಚಿನವರು ಎಡವುವುದು ದರ ತುಂಬುವ ಜಾಗದಲ್ಲಿ. ರೇಟು 125 ಆಗಿದೆ ಅಲ್ವಾ, ಮೂರು ತಿಂಗಳಿಗೂ 125 ಹಾಕಿಬಿಡೋಣ ಎನ್ನುತ್ತಾರೆ. ಆದರೆ ಇವತ್ತಿನ ದರ ಇವತ್ತೇ ನಿಮ್ಮ ಖರ್ಚಿಗೆ ಬರುವುದಿಲ್ಲ. ಈ ಕಂಪನಿಯಲ್ಲಿ ಮೊದಲ ತಿಂಗಳ ಶುರುವಿಗೆ ಗೋಡೌನಿನಲ್ಲಿ 100ರ ದರದ ಮಾಲು 40,000 ಕಿಲೋ ಇತ್ತು. 115ಕ್ಕೆ ದರ ಕುದುರಿಸಿದ ಆರ್ಡರ್ 30,000 ಕಿಲೋ ಬರುವುದಿತ್ತು. ಮೂರು ತಿಂಗಳಿಗೆ ಬೇಕಾದ 1,20,000 ಕಿಲೋದಲ್ಲಿ ಉಳಿದ 50,000ಕ್ಕೆ ಮಾತ್ರ 125. ಹಳೇ ಮಾಲು ಮೊದಲು ಖರ್ಚಾಗುತ್ತದೆ ಎಂದುಕೊಂಡರೆ ಮೊದಲ ತಿಂಗಳ ದರ 100, ಎರಡನೆಯದು 117.50, ಮೂರನೆಯದು 125. ಪೂರ್ತಿ 125 ಹಾಕಿದ್ದರೆ ಮೂರು ತಿಂಗಳ ಖರ್ಚನ್ನು 13 ಲಕ್ಷ ಹೆಚ್ಚಿಗೆ ತೋರಿಸಿದಂತಾಗುತ್ತಿತ್ತು.

ಇದನ್ನೇ ಪೀಸಿನ ಮೇಲೆ ನೋಡಿ. ಮಾರುವ ಬೆಲೆ 90, ಮಾಲಲ್ಲದ ಖರ್ಚು 30. ಮೊದಲ ತಿಂಗಳು ಮಾಲಿಗೆ 50, ಲಾಭ 10. ಎರಡನೇ ತಿಂಗಳು ಲಾಭ 1.25. ಮೂರನೇ ತಿಂಗಳು ಪೀಸಿಗೆ 2.50 ನಷ್ಟ, ಅದೂ ಅಚ್ಚು ಸರಿಯಿದ್ದರೆ. ಮಾರುಕಟ್ಟೆ ಏರಿದಾಗಲೂ ಮೊದಲ ತಿಂಗಳ ರಿಪೋರ್ಟು ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ಇಲ್ಲಿ ಆಗಿದ್ದೂ ಅದೇ. ಲಾಭ ಚೆನ್ನಾಗಿದೆ ಎಂದು ಸೇಲ್ಸ್‌ನವರು ಮೊದಲ ತಿಂಗಳ ಕೊನೆಗೆ ಒಬ್ಬ ದೊಡ್ಡ ಗಿರಾಕಿಗೆ ಮುಂದಿನ ಮೂರು ತಿಂಗಳ ಆರ್ಡರಿನ ಮೇಲೆ ಡಿಸ್ಕೌಂಟ್ ಒಪ್ಪಿಕೊಂಡಿದ್ದರು. ಮೊದಲ ತಿಂಗಳ ಶುರುವಿನಲ್ಲೇ ಈ ಮೂರು ಸಾಲು ಅವರ ಮುಂದಿದ್ದಿದ್ದರೆ ಮಾತು ಡಿಸ್ಕೌಂಟಿನ ಬದಲು ಬೆಲೆ ಏರಿಸುವುದರ ಬಗ್ಗೆ ನಡೆಯುತ್ತಿತ್ತು.

ಎಷ್ಟು ದಿನಕ್ಕೊಮ್ಮೆ ರೋಲ್ ಮಾಡಬೇಕು ಎಂದು ಕೇಳುತ್ತಾರೆ. ಮೂರು ತಿಂಗಳಿಗೊಮ್ಮೆ ಎನ್ನುವುದು ರೂಢಿ, ಆದರೆ ನಾನು ಕೈಯಲ್ಲಿರುವ ಸ್ಟಾಕ್ ಮತ್ತು ದರ ಖಚಿತವಾದ ಆರ್ಡರ್ ಎರಡೂ ಸೇರಿ ಎಷ್ಟು ದಿನ ಬರುತ್ತದೆ ಎಂದು ನೋಡುತ್ತೇನೆ. ಇಲ್ಲಿ 70,000 ಕಿಲೋ, ಎರಡು ತಿಂಗಳಿಗೂ ಸಾಲದು. ಮೂರು ತಿಂಗಳಿಗೊಮ್ಮೆ ನೋಡುವ ಬಜೆಟ್ ಇವರಿಗೆ ಸುದ್ದಿ ತಲುಪಿಸುವಾಗ ಹಳೇ ಮಾಲು ಮುಗಿದೇ ಹೋಗಿರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ, ಆದರೆ ಎಲ್ಲವನ್ನೂ ಅಲ್ಲ. ಮಾಲಿನ ದರ, ಮಾರುವ ಬೆಲೆ, ಎಷ್ಟು ಪೀಸು, ಇಷ್ಟೇ. ಬಾಡಿಗೆ, ಸಂಬಳಗಳನ್ನು ಪ್ರತಿ ತಿಂಗಳು ಹೊಸದಾಗಿ ಲೆಕ್ಕ ಹಾಕುವುದು ಸುಮ್ನೆ ಕೆಲಸ ಹೆಚ್ಚಿಸಿಕೊಂಡಂತೆ. ನಾಲ್ಕೈದು ತಿಂಗಳಲ್ಲಿ ಅಕೌಂಟ್ಸ್‌ನವರು ಸುಸ್ತಾಗಿ ಹಳೇ ಅಂಕಿಯನ್ನೇ ಕಾಪಿ ಮಾಡಲು ಶುರು ಮಾಡುತ್ತಾರೆ. ಮೂರು ತಿಂಗಳು ಒಂದೇ ಅಂಕಿ ಕಂಡರೆ ಅದೇ ಆಗಿದೆ ಎಂದು ತಿಳಿಯಿರಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಾಲ್ಕನೇ ತಿಂಗಳ ರೋಲಿಂಗ್ ಬಜೆಟ್ ಮಾಡುವಾಗ ಪ್ರೊಡಕ್ಷನ್ ಮ್ಯಾನೇಜರ್, "ವಾಸ್ತವವಾಗಿ ಪೀಸಿಗೆ 525 ಗ್ರಾಂ ಆಗ್ತಾ ಇದೆ, ಅದನ್ನೇ ಹಾಕಿ" ಎಂದರು. ಅಂದಾಜು ನಿಜಕ್ಕೆ ಹತ್ತಿರ ಇರಬೇಕು ಎನ್ನುವುದು ಸರಿಯಾದ ಮಾತೇ. ಆದರೆ ಹಾಗೆ ಹಾಕಿದ ತಕ್ಷಣ ಸವೆದ ಅಚ್ಚಿಗೆ ಬಜೆಟ್ಟಿನಲ್ಲಿ ಜಾಗ ಸಿಕ್ಕಿತು. ಮುಂದಿನ ತಿಂಗಳು ವ್ಯತ್ಯಾಸ ಸೊನ್ನೆ, ಯಾರೂ ಪ್ರಶ್ನೆ ಕೇಳುವುದಿಲ್ಲ, ಪ್ರತಿ ತಿಂಗಳು 2,000 ಕಿಲೋ ಹೋಗುತ್ತಲೇ ಇರುತ್ತದೆ. ನಾನು ಒಪ್ಪಲಿಲ್ಲ. ದರ ನಮ್ಮ ಕೈಯಲ್ಲಿಲ್ಲ, ಹಾಗಾಗಿ ಅದು ರೋಲ್ ಆಗಲಿ. ತೂಕ ನಮ್ಮ ಕೈಯಲ್ಲಿದೆ, ಅದು ವರ್ಷದ ಬಜೆಟ್ಟಿನ 500 ಗ್ರಾಮಿನಲ್ಲೇ ಇರಲಿ. ಹೆಚ್ಚಿನ 25 ಗ್ರಾಮಿಗೆ ಬೇಕಾದ ಹಣವನ್ನು ಕ್ಯಾಶ್ ಲೆಕ್ಕದಲ್ಲಿ "ಅಚ್ಚು ರಿಪೇರಿ ಆಗುವವರೆಗೆ" ಎಂದು ಬೇರೆ ಸಾಲಾಗಿ ತೋರಿಸಿದೆವು.

ಹಾಗಾಗಿ ಸ್ಥಿರ ಬಜೆಟ್ಟನ್ನು ಬಿಸಾಡಲಿಲ್ಲ. ಈಗ ರಿಪೋರ್ಟಿನಲ್ಲಿ ಮೂರು ಕಾಲಮ್ ಇವೆ: ವರ್ಷದ ಬಜೆಟ್, ಅದೇ ಬಜೆಟ್ ಈಗಿನ ಮಾರುಕಟ್ಟೆ ದರದಲ್ಲಿ, ಮತ್ತು ನಿಜವಾದ ಖರ್ಚು. ಮೊದಲೆರಡರ ನಡುವಿನ ಅಂತರಕ್ಕೆ ಯಾರನ್ನೂ ಬೈಯುವುದಿಲ್ಲ, ಅದು ಬೆಲೆ ನಿಗದಿ ಮಾಡುವವರಿಗೆ ಹೋಗುವ ಸುದ್ದಿ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರಕ್ಕೆ ಪರ್ಚೇಸ್ ಮತ್ತು ಪ್ರೊಡಕ್ಷನ್ ಉತ್ತರ ಕೊಡಬೇಕು.

ಎಲ್ಲರಿಗೂ ಇಷ್ಟು ಬೇಕಾಗಿಲ್ಲ. ವರ್ಷಕ್ಕೆ ದರ ಖಚಿತಪಡಿಸಿದ ಕರಾರು ಇದ್ದರೆ, ಅಥವಾ ಒಟ್ಟು ಖರ್ಚಿನಲ್ಲಿ ಮಾಲಿನ ಪಾಲು ತೀರಾ ಕಡಿಮೆಯಿದ್ದರೆ, ವರ್ಷದ ಬಜೆಟ್ ಒಂದೇ ಸಾಕು.

ಮೊದಲ ಎರಡು ತಿಂಗಳು ಜಗಳ ಆಗಿದ್ದು ಮಧ್ಯದ ಕಾಲಮಿಗೆ ಯಾವ ದಿನದ ದರ ಎಂಬುದರ ಮೇಲೆ. ಪರ್ಚೇಸ್‌ನವರಿಗೆ ತಿಂಗಳ ಅತಿ ಹೆಚ್ಚಿನ ದರ ಬೇಕು, ಫೈನಾನ್ಸ್‌ನವರಿಗೆ ಅತಿ ಕಡಿಮೆಯದು. ಕೊನೆಗೆ ತಿಂಗಳ ಸರಾಸರಿ ಎಂದು ತಿಂಗಳು ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು, ಇಬ್ಬರ ಸಹಿಯನ್ನೂ ಹಾಕಿಸಿದೆವು.