ನವೆಂಬರ್ 1 ಯಾಕೆ, ಜನವರಿ 26 ಯಾಕೆ?

ಜನವರಿ 26ರಂದು ಸಂವಿಧಾನ ಬರೆದು ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಮುಗಿದದ್ದು ಎರಡು ತಿಂಗಳು ಮೊದಲೇ, 1949ರ ನವೆಂಬರ್ 26ಕ್ಕೆ. ಸಂವಿಧಾನದ ಪೀಠಿಕೆಯಲ್ಲಿ ಇರುವುದೂ ಆ ತಾರೀಖೇ. ಪೌರತ್ವ, ಚುನಾವಣಾ ಆಯೋಗದಂಥ ಕೆಲವು ವಿಧಿಗಳು ಅವತ್ತೇ ಜಾರಿಗೂ ಬಂದವು. ಉಳಿದವು 1950ರ ಜನವರಿ 26ರಿಂದ ಅಂತ 394ನೇ ವಿಧಿ ಹೇಳಿತು.

ಅಷ್ಟು ದಿನ ಕಾದದ್ದು ಒಂದು ಹಳೇ ನೆನಪಿಗಾಗಿ. 1929ರ ಡಿಸೆಂಬರ್‌ನಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯವೇ ಗುರಿ ಎಂದು ನಿರ್ಣಯ ಮಾಡಿತು. ಊರೂರಲ್ಲೂ ಜನ ಸೇರಿ ಪ್ರತಿಜ್ಞೆ ಓದಲು ಒಂದು ದಿನ ಬೇಕಿತ್ತು. ಜನವರಿಯ ಕೊನೆಯ ಭಾನುವಾರವನ್ನು ಆರಿಸಿದರು. 1930ರಲ್ಲಿ ಅದು 26ಕ್ಕೆ ಬಿತ್ತು. ಮುಂದೆ ವಾರ ಯಾವುದೇ ಇರಲಿ, ಚಳವಳಿಗಾರರಿಗೆ ಅದೇ ಸ್ವಾತಂತ್ರ್ಯ ದಿನವಾಯಿತು. 1947ರಲ್ಲಿ ನಿಜವಾದ ಸ್ವಾತಂತ್ರ್ಯ ಬಂದದ್ದು ಮಾತ್ರ ಆಗಸ್ಟ್ 15ಕ್ಕೆ. ಆ ತಾರೀಖನ್ನು ಆರಿಸಿದವರು ಮೌಂಟ್‌ಬ್ಯಾಟನ್. ಜಪಾನ್ ಶರಣಾಗಿ ಅವತ್ತಿಗೆ ಎರಡು ವರ್ಷ. ಹದಿನೇಳು ವರ್ಷ ಪ್ರತಿಜ್ಞೆ ಓದಿದ ದಿನ ಸುಮ್ನೆ ಕ್ಯಾಲೆಂಡರ್‌ನಲ್ಲಿ ಉಳಿದುಬಿಟ್ಟಿತು. ಗಣರಾಜ್ಯಕ್ಕೆ ಆ ದಿನವನ್ನು ಕೊಟ್ಟು ಅದರ ಮರ್ಯಾದೆ ಉಳಿಸಿದರು.

ನವೆಂಬರ್ 1ರ ಕಥೆ ಪೂರಾ ಉಲ್ಟಾ. ಇಲ್ಲಿ ಮೊದಲು ಬಂದದ್ದು ಕಾನೂನು, ಆಮೇಲೆ ಪ್ರೀತಿ.

ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ಕ್ಕೆ. ಹೊಸ ರಾಜ್ಯಗಳು ಆರಂಭವಾಗುವ ದಿನ ನವೆಂಬರ್ 1 ಎಂದು ಕಾಯ್ದೆಯ ಶುರುವಿನಲ್ಲೇ ಬರೆದಿದ್ದರು. ಯಾವ ಹುತಾತ್ಮರ ದಿನವೂ ಅಲ್ಲ, ಯಾವ ಸಮ್ಮೇಳನದ ನೆನಪೂ ಅಲ್ಲ. ದೇಶದ ನಕ್ಷೆಯೆಲ್ಲ ಒಟ್ಟಿಗೆ ಬದಲಾಗಲು ಗೊತ್ತುಮಾಡಿದ ಒಂದು ಗುರುವಾರ. ಅದಕ್ಕೇ ಕೇರಳಕ್ಕೂ ಅದೇ ದಿನ, ಆಂಧ್ರಪ್ರದೇಶಕ್ಕೂ ಅದೇ ದಿನ, ಮಧ್ಯಪ್ರದೇಶಕ್ಕೂ ಅದೇ ದಿನ.

ಅವತ್ತು ನಮ್ಮಲ್ಲಿ ಏನೇನು ಬದಲಾಯಿತು ನೋಡಿ. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೇ ಮೈಸೂರಿಗೆ ಬಂದಾಗಿತ್ತು. ಆಂಧ್ರ ರಾಜ್ಯ ಹುಟ್ಟಿದ ದಿನವದು. ಈಗ ಮುಂಬೈ ರಾಜ್ಯದಿಂದ ಧಾರವಾಡ, ವಿಜಾಪುರ, ಕಾರವಾರದ ಕಡೆಯ ಉತ್ತರ ಕನ್ನಡ, ಚಂದಗಡ ಬಿಟ್ಟು ಬೆಳಗಾವಿ ಬಂದವು. ಹೈದರಾಬಾದಿನಿಂದ ಬೀದರ್, ಗುಲ್ಬರ್ಗಾ, ರಾಯಚೂರಿನ ಬಹುಭಾಗ. ಮದ್ರಾಸಿನಿಂದ ಕಾಸರಗೋಡು ಬಿಟ್ಟ ದಕ್ಷಿಣ ಕನ್ನಡ, ಜೊತೆಗೆ ಕೊಳ್ಳೇಗಾಲ. ಕೊಡಗು ಇಡಿಯಾಗಿ ಸೇರಿತು. ರಾಜಪ್ರಮುಖರಾಗಿ, ಅಂದರೆ ಹಳೇ ಸಂಸ್ಥಾನದ ರಾಜ್ಯಕ್ಕೆ ರಾಜ್ಯಪಾಲರ ಜಾಗದ ಮುಖ್ಯಸ್ಥರಾಗಿ ಇದ್ದ ಜಯಚಾಮರಾಜೇಂದ್ರ ಒಡೆಯರ್ ಅವತ್ತಿನಿಂದ ರಾಜ್ಯಪಾಲರು. ಸಂವಿಧಾನದ ಏಳನೇ ತಿದ್ದುಪಡಿಯೂ ಅದೇ ದಿನ ಜಾರಿಗೆ ಬಂದು ರಾಜಪ್ರಮುಖ ಎಂಬ ಹುದ್ದೆಯನ್ನೇ ತೆಗೆದಿತ್ತು.

ಗಡಿ ಒಂದೇ ರಾತ್ರಿಯಲ್ಲಿ ಒಂದಾಯಿತು, ಕಾನೂನು ಆಗಲಿಲ್ಲ. ಶಾಸಕಾಂಗ ಬದಲಾಯಿಸುವವರೆಗೆ ಒಂದೊಂದು ಪ್ರದೇಶಕ್ಕೂ ಅದರ ಹಳೇ ಕಾನೂನೇ ನಡೆಯಲಿ ಎಂದು ಕಾಯ್ದೆ ಹೇಳಿತ್ತು. ಹಾಗಾಗಿ ಧಾರವಾಡದ ರೈತನ ಕಂದಾಯಕ್ಕೆ ಮುಂಬೈ ಕಾನೂನು, ಮಂಡ್ಯದವನಿಗೆ ಮೈಸೂರಿನದು. ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಕಾಯ್ದೆ ಎಂದು ಬಂದದ್ದು 1963ರದು, ಒಂದೇ ಭೂಕಂದಾಯ ಕಾಯ್ದೆ 1964ರದು. ರಾಜ್ಯ ಉದಯವಾಯಿತು ಅಂತ ನಾವು ಹೇಳುವ ದಿನದ ಕೆಲಸ ಮುಗಿಯಲು ಅಷ್ಟು ವರ್ಷ ಹಿಡಿಯಿತು.

ಹೆಸರಂತೂ ಇನ್ನೂ ತಡ. ಅದು ಕರ್ನಾಟಕವಾದದ್ದು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರಲ್ಲಿ. ವಿಧಾನಸಭೆಯ ಒಪ್ಪಿಗೆ 1972ರಲ್ಲೇ ಸಿಕ್ಕಿತ್ತು. ಸಂಸತ್ತಿನ ಕಾಯ್ದೆ ಜಾರಿಗೆ ಬಂದದ್ದು ಮತ್ತೆ ನವೆಂಬರ್ 1ಕ್ಕೆ. ಈ ಸಲ ಅದು ಬರೀ ಕಚೇರಿಯ ತಾರೀಖಾಗಿ ಉಳಿದಿರಲಿಲ್ಲ. ಹದಿನೇಳು ವರ್ಷದಲ್ಲಿ ಅದು ಜನರ ಹಬ್ಬವಾಗಿತ್ತು.

ಪಕ್ಕದ ರಾಜ್ಯಗಳಿಗೆ ಈ ದಿನ ಅಷ್ಟು ಹಿತವಾಗಿಲ್ಲ. ತಮಿಳರಿಗೆ 1956 ಅಂದರೆ ಮದ್ರಾಸ್ ರಾಜ್ಯ ನೆಲ ಕಳೆದುಕೊಂಡ ವರ್ಷವೂ ಹೌದು. 2021ರಲ್ಲಿ ಸ್ಟಾಲಿನ್ ಸರ್ಕಾರ ಜುಲೈ 18 ಅನ್ನು ತಮಿಳುನಾಡು ದಿನವೆಂದು ಘೋಷಿಸಿತು. 1967ರ ಜುಲೈ 18ರಂದು ಅಣ್ಣಾದುರೈ ಕಾಲದ ವಿಧಾನಸಭೆ ಹೆಸರು ಬದಲಿಸುವ ನಿರ್ಣಯ ಮಾಡಿತ್ತು. ಹೆಸರು ಕಾನೂನಿನಲ್ಲಿ ಬಂದದ್ದು 1969ರ ಜನವರಿ 14ಕ್ಕೆ, ಆದರೂ ಅವರು ನಿರ್ಣಯದ ದಿನವನ್ನೇ ಹಿಡಿದರು. ನನಗೆ ಇದು ಜಾಣ ಆಯ್ಕೆ ಅನಿಸುತ್ತದೆ: ತಾವೇ ಕೈಯೆತ್ತಿ ಒಪ್ಪಿದ ದಿನ ಅದು, ದೆಹಲಿ ಕೊಟ್ಟದ್ದಲ್ಲ.

ಆಂಧ್ರದ ಗೊಂದಲ ಇನ್ನೂ ಜಾಸ್ತಿ. 1956ರ ನವೆಂಬರ್ 1ಕ್ಕೆ ಆದದ್ದು ಆಂಧ್ರ ರಾಜ್ಯ ಮತ್ತು ತೆಲಂಗಾಣದ ಕೂಡುವಿಕೆ. 2014ರ ಜೂನ್ 2ಕ್ಕೆ ಆ ಕೂಡುವಿಕೆಯೇ ಮುರಿಯಿತು. ತೆಲಂಗಾಣಕ್ಕೆ ಜೂನ್ 2 ಸಂಭ್ರಮದ ದಿನ. ಆಂಧ್ರದಲ್ಲಿ ಅದೇ ದಿನವನ್ನು ಚಂದ್ರಬಾಬು ನಾಯ್ಡು ಸರ್ಕಾರ ನವನಿರ್ಮಾಣ ದೀಕ್ಷೆ ಅಂತ ಆಚರಿಸಿತು. 2019ರಲ್ಲಿ ಜಗನ್ ಸರ್ಕಾರ ಬಂದು ಮತ್ತೆ ನವೆಂಬರ್ 1ಕ್ಕೆ ಮರಳಿತು, ಆ ದಿನ ಒಂದಾದ ರಾಜ್ಯ ಈಗ ಎರಡಾಗಿದ್ದರೂ.